ಆ್ಯಪ್‌ಗೆ ಯಾವ ಕೆಲಸಕ್ಕೆ ಫೋಟೋ ಬೇಕು, ಯಾವುದಕ್ಕೆ ಬೇಡ

ಎಲ್ಲರಿಗೂ ನಮಸ್ಕಾರ,

ಹೋದ ವಾರ ನವನಗರದ ಒಂದು ಮನೆಯಿಂದ 42 ಫೋಟೋ ಬಂದಿವೆ. ಊಟದ ಡಬ್ಬಿಯದೂ ಒಂದಿದೆ. ಆದರೆ ಸೋಲಾರ್ ಪ್ಯಾನೆಲ್‌ಗಳ ಸೀರಿಯಲ್ ನಂಬರ್ ಒಂದರಲ್ಲೂ ಇಲ್ಲ. ಪಾಪ, ಪ್ರವೀಣ್ ಮತ್ತೆ ಹೋಗಿ ಸ್ಟ್ರಕ್ಚರ್ ಕೆಳಗೆ ಅಂಗಾತ ಮಲಗಿ ಒಂದೊಂದನ್ನೇ ಓದಿ ಬರೆದುಕೊಂಡು ಬಂದ. ಅದಕ್ಕೇ ಈ ಮೇಲ್.

ಪ್ಯಾನೆಲ್ ಹಿಂದಿನ ಸ್ಟಿಕ್ಕರ್‌ನ ಫೋಟೋ ಮೇಲೆ ಕೂರಿಸುವ ಮೊದಲೇ ತೆಗೆಯಿರಿ. ನೆಲದ ಮೇಲಿರುವಾಗ ಎರಡು ನಿಮಿಷದ ಕೆಲಸ. ಪಿಎಂ ಸೂರ್ಯ ಘರ್ ಸಬ್ಸಿಡಿಗೆ ಪ್ಯಾನೆಲ್ ಭಾರತದಲ್ಲೇ ತಯಾರಾಗಿರಬೇಕು. 3 ಕಿಲೋವ್ಯಾಟ್ ಹಾಕಿಸಿದ ಮನೆಗೆ 78,000 ರೂಪಾಯಿ ಬರುತ್ತದೆ. ನಮ್ಮ ಮಸುಕು ಫೋಟೋದಿಂದ ಅದು ತಡವಾದರೆ ಬೈಸಿಕೊಳ್ಳುವವನು ನಾನು! ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅದು ಫೋಟೋ ಕುಗ್ಗಿಸುತ್ತದೆ, ಸಣ್ಣ ಅಕ್ಷರ ಕಲಸಿಹೋಗುತ್ತದೆ. ಆ್ಯಪ್‌ಗೇ ಹಾಕಿ. ಒಡೆದ ಗಾಜು, ಇಲಿ ಕಡಿದ ಕೇಬಲ್, ಇನ್ವರ್ಟರ್ ತೋರಿಸುವ ಎರರ್ ಕೋಡ್, ಇವಕ್ಕೂ ಫೋಟೋನೇ ಸರಿ.

ನೆರಳಿನ ವಿಷಯದಲ್ಲಿ ಮಾತ್ರ ಫೋಟೋ ನಂಬಬೇಡಿ. ಮೇ ತಿಂಗಳ ಮಧ್ಯಾಹ್ನ ತೆಗೆದ ಫೋಟೋದಲ್ಲಿ ತಾರಸಿ ತುಂಬಾ ಬಿಸಿಲೇ ಇರುತ್ತದೆ, ಅಲ್ವಾ? ಸೂರ್ಯ ನೆತ್ತಿ ಮೇಲಿರುತ್ತಾನೆ. ಡಿಸೆಂಬರ್‌ನಲ್ಲಿ ಅದೇ ಸೂರ್ಯ ದಕ್ಷಿಣಕ್ಕೆ ಇಳಿದಿರುತ್ತಾನೆ. ನಮ್ಮ ಹುಬ್ಬಳ್ಳಿಯಲ್ಲಿ ಆಗ ನಡುಮಧ್ಯಾಹ್ನವೂ 5 ಅಡಿ ಎತ್ತರದ ನೀರಿನ ಟ್ಯಾಂಕಿನ ನೆರಳು ಉತ್ತರಕ್ಕೆ ಹತ್ತಿರ ಹತ್ತಿರ 4 ಅಡಿ ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಜಾಸ್ತಿ. ಹಾಗಾಗಿ ಟ್ಯಾಂಕ್, ಪ್ಯಾರಪೆಟ್, ಪಕ್ಕದ ಮನೆಯ ತೆಂಗಿನ ಮರ, ಎಲ್ಲದರ ಎತ್ತರ, ದೂರ, ದಿಕ್ಕು ಟೇಪ್ ಹಿಡಿದು ಅಳೆದು ಬರೆಯಿರಿ. ಮರದ ಎತ್ತರ ಅಂದಾಜಾದರೆ ಅಂದಾಜು ಎಂದೇ ಬರೆಯಿರಿ.

ಅರ್ತಿಂಗ್ ರೀಡಿಂಗ್, ವೋಲ್ಟೇಜ್, ಮೀಟರ್ ಯೂನಿಟ್, ಇವನ್ನು ಟೈಪ್ ಮಾಡಿ. ಮೀಟರ್ ಫೋಟೋ ಹಾಕಿ ಸುಮ್ನೆ ಬಿಟ್ಟರೆ ಆಫೀಸಿನಲ್ಲಿ ರೇಖಾ ಅವರು ಒಂದೊಂದೇ ತೆರೆದು ಬರೆದುಕೊಳ್ಳಬೇಕು. ಹೋದ ತಿಂಗಳು 8 ಅನ್ನು 3 ಎಂದು ಓದಿ ಏನಾಯಿತು ಎಂದು ನಿಮಗೇ ಗೊತ್ತು.

ಕನೆಕ್ಟರ್ ಬಿಗಿ ಇದೆಯಾ ಎಂಬುದೂ ಫೋಟೋದಲ್ಲಿ ಕಾಣುವುದಿಲ್ಲ. ಹೊರಗಿನಿಂದ ಎಲ್ಲವೂ ಚೆಂದವೇ. ಲೈನ್ ಆನ್ ಮಾಡುವ ಮೊದಲು ಎಳೆದು ನೋಡಿ, ನೋಡಿದವರ ಹೆಸರು ಬರೆಯಿರಿ. ಇನ್ವರ್ಟರ್ ಗುಂಯ್ ಎನ್ನುತ್ತಿದ್ದರೆ, ಸುಟ್ಟ ವಾಸನೆ ಬಂದರೆ ನನಗೆ ಫೋನ್ ಮಾಡಿ.

ಗ್ರಾಹಕರ ಆಧಾರ್, ಪಾಸ್‌ಬುಕ್ ಫೋಟೋ ನಿಮ್ಮ ಫೋನಿನಲ್ಲಿ ತೆಗೆಯಲೇಬೇಡಿ. ಅವನ್ನು ಗ್ರಾಹಕರೇ ಪೋರ್ಟಲ್‌ಗೆ ಹಾಕಲಿ, ಬೇಕಾದರೆ ಪಕ್ಕ ಕೂತು ಹೇಳಿಕೊಡಿ. ಈಗಾಗಲೇ ಗ್ರೂಪಿನಲ್ಲಿ ಹಾಕಿದವರು ಇವತ್ತೇ ಅಳಿಸಿ, ಗ್ಯಾಲರಿಯಿಂದಲೂ.

ಕೊನೆಗೆ, ತಾರಸಿ ಅಂಚಿನಲ್ಲಿ ನಿಂತು ಫೋಟೋ ತೆಗೆಯುತ್ತಾ ಹಿಂದಕ್ಕೆ ಹೆಜ್ಜೆ ಇಡಬೇಡಿ. ಇಡೀ ತಾರಸಿ ಫ್ರೇಮಿಗೆ ಬರದಿದ್ದರೆ ಎರಡು ಫೋಟೋ ತೆಗೆಯಿರಿ, ಯಾರೂ ಕೇಳುವುದಿಲ್ಲ.

ಸೋಮವಾರದ ಗೋಕುಲ ರೋಡ್ ಕೆಲಸದಿಂದ ಹೀಗೇ ಮಾಡೋಣ. ಅನುಮಾನವಿದ್ದರೆ ಬೆಳಿಗ್ಗೆ ವ್ಯಾನ್ ಹೊರಡುವ ಮೊದಲು ಕೇಳಿ.

ಮಂಜುನಾಥ