ನವೆಂಬರ್ ಕಿರಾಣಿ ಪಟ್ಟಿ, ಒಬ್ಬನಿಗೆ, ₹4,500 ಒಳಗೆ

ಊರು ವಿಜಯಪುರ. ಬಾಡಿಗೆ ರೂಮು, ಫ್ರಿಜ್ ಇಲ್ಲ. ನನ್ನ ತೂಕ 70 ಕೆಜಿ, ದಿನಕ್ಕೆ 100 ಗ್ರಾಂ ಪ್ರೋಟೀನ್ ಬೇಕು. ಪೌಡರ್ ಡಬ್ಬಿ ಬೇಡ, ರೊಟ್ಟಿ ಪಲ್ಯದಲ್ಲೇ ಬರಬೇಕು.

ಕಿರಾಣಿ ಅಂಗಡಿ (1ನೇ ತಾರೀಖು, ಒಂದೇ ಸಲ):
ಬಿಳಿಜೋಳ 5 ಕೆಜಿ – 250
ಗಿರಣಿಗೆ – 30
ಅಕ್ಕಿ 2 ಕೆಜಿ – 110
ತೊಗರಿಬೇಳೆ 1 ಕೆಜಿ – 130
ಹೆಸರುಕಾಳು 1 ಕೆಜಿ – 120
ಮಡಿಕೆಕಾಳು ಅರ್ಧ ಕೆಜಿ – 55
ಕಡಲೆಕಾಳು 1 ಕೆಜಿ – 90
ಕಡಲೆಹಿಟ್ಟು ಅರ್ಧ ಕೆಜಿ – 55 (ಝುಣಕಕ್ಕೆ)
ಸೋಯಾ ಅರ್ಧ ಕೆಜಿ – 80
ಶೇಂಗಾ 1 ಕೆಜಿ – 140
ಪುಟಾಣಿ ಅರ್ಧ ಕೆಜಿ – 60
ಅಗಸಿ ಕಾಲು ಕೆಜಿ – 40
ಎಣ್ಣೆ 1 ಲೀಟರ್ – 170
ಖಾರ, ಉಪ್ಪು, ಬೆಲ್ಲ, ಚಹಾಪುಡಿ, ಮಸಾಲೆ – 300
ಒಟ್ಟು 1,630

ಹೆಸರುಕಾಳು 1 ಕೆಜಿ ಮೇಲೆ ತರಬಾರದು. ಹೋದ ತಿಂಗಳು ಅಗ್ಗ ಅಂತ 3 ಕೆಜಿ ತಂದೆ, ನುಸಿ ಹಿಡಿದು ಅರ್ಧ ಹಾಳಾಯಿತು. ಈ ಸಲ ಡಬ್ಬಿಗೆ ಒಣ ಬೇವಿನ ಎಲೆ ಹಾಕಿಡಬೇಕು.

ವಾರ ವಾರ, ದಿನ ದಿನ:
ತತ್ತಿ 60 – 420 (ವಾರಕ್ಕೆ 15, ದಿನಕ್ಕೆ ಎರಡು)
ಹಾಲು ದಿನಕ್ಕೆ ಅರ್ಧ ಲೀಟರ್ – 750. ಅರ್ಧ ಚಹಾಕ್ಕೆ, ಅರ್ಧ ಹೆಪ್ಪು ಹಾಕಿ ಮೊಸರಿಗೆ
ಕೋಳಿ 2 ಕೆಜಿ – 480, ಪ್ರತಿ ರವಿವಾರ ಅರ್ಧ ಕೆಜಿ ಮಾತ್ರ, ಫ್ರಿಜ್ ಇಲ್ಲವಲ್ಲ, ಅದೇ ದಿನ ಮುಗಿಯಬೇಕು
ತರಕಾರಿ, ಉಳ್ಳಾಗಡ್ಡಿ ವಾರಕ್ಕೆ 180ರಂತೆ – 720. ಶಾಸ್ತ್ರಿ ಮಾರ್ಕೆಟ್‌ನಲ್ಲಿ ಮೆಂತೆ, ಸಬ್ಬಸಗಿ, ಪುಂಡಿಪಲ್ಯ, ಬದನೆಕಾಯಿ
ಹಣ್ಣು – 200
ಒಟ್ಟು 2,570

ಎರಡೂ ಸೇರಿ 4,200. ಉಳಿದ 300 ಕೈಯಲ್ಲಿರಲಿ, ಗೆಳೆಯರು ಊಟಕ್ಕೆ ಬಂದರೆ ಬೇಕಾಗುತ್ತದೆ.

ಎಲ್ಲಿ ಖರ್ಚು ಮಾಡಬೇಕು ಅಂತ ತಿಳಿಯೋಕೆ ಒಂದು ಲೆಕ್ಕ ಹಾಕಿದೆ: 10 ಗ್ರಾಂ ಪ್ರೋಟೀನ್‌ಗೆ ಎಷ್ಟು ರೂಪಾಯಿ ಬೀಳುತ್ತದೆ? ಸೋಯಾದಲ್ಲಿ 3, ಹೆಸರುಕಾಳಿನಲ್ಲಿ 5, ತತ್ತಿಯಲ್ಲಿ 12, ಹಾಲಿನಲ್ಲಿ 16, ಕೋಳಿಯಲ್ಲೂ ಎಲುಬು ತೆಗೆದರೆ ಹತ್ತಿರ ಹತ್ತಿರ ಅಷ್ಟೇ. ಪನೀರ್ 25 ಆಗುತ್ತದೆ, ಹಾಗಾಗಿ ಪಟ್ಟಿಯಲ್ಲಿ ಇಲ್ಲ. ಸೋಯಾ ಎಷ್ಟೇ ಅಗ್ಗ ಇದ್ದರೂ ದಿನಾ ತಿಂದರೆ ಬೇಸರ ಬರುತ್ತದೆ, ಅದಕ್ಕೇ ಅರ್ಧ ಕೆಜಿ ಸಾಕು. ಜೋಳವನ್ನೂ ಮರೆಯಬಾರದು, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಇದೆ.

ಒಂದು ದಿನ ಹೀಗೆ: ಬೆಳಿಗ್ಗೆ ಎರಡು ತತ್ತಿ, ಮೊಳಕೆ ಬಂದ ಕಾಳು. ಮಧ್ಯಾಹ್ನ ಎರಡು ರೊಟ್ಟಿ, ಕಾಳಿನ ಪಲ್ಯ, ಮೊಸರು, ಶೇಂಗಾ ಹಿಂಡಿ. ಸಂಜೆ ಹಸಿವಾದರೆ ಪುಟಾಣಿ ಬೆಲ್ಲ. ರಾತ್ರಿ ಅನ್ನ, ದಪ್ಪ ಬೇಳೆ ಸಾರು, ಸೋಯಾ ಪಲ್ಯ ಇಲ್ಲವೇ ಝುಣಕ. ಕಾಳು ರಾತ್ರಿಯೇ ನೆನೆಹಾಕಬೇಕು, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ರೆಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಎರಡನ್ನೂ ಮೊದಲ ರವಿವಾರವೇ ಕುಟ್ಟಿಡಬೇಕು, ಇಲ್ಲದಿದ್ದರೆ ಕೆಲಸದಿಂದ ದಣಿದು ಬಂದ ದಿನ ಹೊರಗಿನ ಊಟಕ್ಕೆ ₹120 ಹೋಗುತ್ತದೆ.