ಗಣಿತ ಶಿಕ್ಷಕಿ ಶ್ರೀಮತಿ ಕೆ. ಎನ್. ಸುಜಾತಾ ಅವರ ಪರವಾಗಿ ಶಿಫಾರಸು ಪತ್ರ

ಶಿಡ್ಲಘಟ್ಟ
ದಿನಾಂಕ: 12-05-2025

ಇವರಿಂದ:
ಆರ್. ನಾರಾಯಣಸ್ವಾಮಿ
ನಿವೃತ್ತ ಮುಖ್ಯ ಶಿಕ್ಷಕ, ಶಿಡ್ಲಘಟ್ಟ

ಇವರಿಗೆ:
ಕಾರ್ಯದರ್ಶಿಗಳು
ಶಾಲಾ ಆಡಳಿತ ಮಂಡಳಿ, ಚಿಕ್ಕಬಳ್ಳಾಪುರ

ವಿಷಯ: ಶಾಲಾ ಪಠ್ಯಕ್ರಮ ಸಮಿತಿಯ ಮುಖ್ಯಸ್ಥರ ಹುದ್ದೆಗೆ ಶ್ರೀಮತಿ ಕೆ. ಎನ್. ಸುಜಾತಾ ಅವರ ಅರ್ಜಿ ಕುರಿತು

ಮಾನ್ಯರೇ,

ಸುಜಾತಾ ಮೇಡಂ ನಿಮ್ಮ ಶಾಲೆಗಳ ಪಠ್ಯಕ್ರಮ ಸಮಿತಿಯನ್ನು ಮುನ್ನಡೆಸಲು ಅರ್ಜಿ ಹಾಕಿದ್ದಾರೆ. ನಾನು ಮುಖ್ಯ ಶಿಕ್ಷಕನಾಗಿದ್ದ 2012ರಿಂದ 2023ರವರೆಗೆ ಅವರು ನಮ್ಮ ಶಾಲೆಯಲ್ಲಿ ಎಂಟರಿಂದ ಹತ್ತನೇ ತರಗತಿಗೆ ಗಣಿತ ಕಲಿಸಿದರು. ಅವರ ಕೆಲಸವನ್ನು ಹತ್ತಿರದಿಂದ ನೋಡಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಚೆನ್ನಾಗಿ ಪಾಠ ಮಾಡುವ ಗಣಿತ ಮೇಷ್ಟ್ರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದೊಂದನ್ನೇ ಹೇಳಬೇಕಿದ್ದರೆ ಎರಡು ಸಾಲು ಸಾಕಿತ್ತು. ಸಮಿತಿಯ ಕೆಲಸ ಬೇರೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಪುಸ್ತಕ ಸರ್ಕಾರದಿಂದ ಬರುತ್ತದೆ, ಅದನ್ನು ಬದಲಿಸುವುದು ನಮ್ಮ ಕೈಲಿಲ್ಲ. ಯಾವ ಪಾಠ ಯಾವ ತಿಂಗಳು, ಯಾವುದಕ್ಕೆ ಎಷ್ಟು ಪೀರಿಯಡ್ಡು, ಒಂದು ವಿಷಯದ ಪಾಠ ಇನ್ನೊಂದಕ್ಕೆ ಹೇಗೆ ಹೊಂದಬೇಕು, ಪರೀಕ್ಷೆಯಲ್ಲಿ ಏನು ಕೇಳಬೇಕು, ಇವು ನಮ್ಮ ಕೈಲಿವೆ. ಮಕ್ಕಳು ಮುಗ್ಗರಿಸುವುದು ಜಾಸ್ತಿ ಇಲ್ಲೇ. ಸುಜಾತಾ ಮೇಡಂ ಅವರಿಗೆ ಇದು ಕಾಣಿಸುತ್ತದೆ. ಒಂದು ಪ್ರಸಂಗ ಹೇಳಿದರೆ ನಿಮಗೇ ಗೊತ್ತಾಗುತ್ತದೆ.

ಎಂಟನೇ ತರಗತಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಅವರು ಪ್ರತಿ ವರ್ಷ ಜೂನ್‌ನಲ್ಲಿ ಒಂದು ಸಣ್ಣ ಪರೀಕ್ಷೆ ಕೊಡುತ್ತಿದ್ದರು. ಒಂದು ವರ್ಷ ಬಹಳ ಮಕ್ಕಳು 1/2 + 1/3 = 2/5 ಎಂದು ಬರೆದಿದ್ದರು. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿಬಿಟ್ಟಿದ್ದರು. ಲ.ಸಾ.ಅ. ವಿಧಾನವನ್ನು ಮತ್ತೊಮ್ಮೆ ಬೋರ್ಡಿನ ಮೇಲೆ ಬರೆದು ಮುಂದೆ ಹೋಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. "ಅರ್ಧ ರೊಟ್ಟಿಗೆ ಇನ್ನೂ ಸ್ವಲ್ಪ ಸೇರಿಸಿದ್ದೀರಿ. ಬಂದ ಉತ್ತರ ಅರ್ಧಕ್ಕಿಂತ ಕಡಿಮೆ ಇದೆಯಲ್ಲ, ಹೇಗೆ?" ಎಂದು ಕೇಳಿ ಸುಮ್ಮನೆ ನಿಂತರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಧಾನವಾಗಿ ಅವರಲ್ಲೇ ವಾದ ಶುರುವಾಯಿತು. ನಾನು ಆಗ ಕಿಟಕಿ ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ.

ತರಗತಿಯ ಕೆಲಸ ಅಲ್ಲಿಗೆ ಮುಗಿಯಿತು, ಅವರದು ಮುಗಿಯಲಿಲ್ಲ. ಆ ಉತ್ತರ ಪತ್ರಿಕೆಗಳನ್ನು ತೆಗೆದುಕೊಂಡು ನಮ್ಮ ಪ್ರಾಥಮಿಕ ವಿಭಾಗದ ಶಿಕ್ಷಕಿಯರ ಹತ್ತಿರ ಹೋದರು. "ನೀವು ಸರಿಯಾಗಿ ಕಲಿಸಿಲ್ಲ" ಎಂಬ ಮಾತು ಅವರ ಬಾಯಿಂದ ಬರಲಿಲ್ಲ. "ಐದನೇ ಕ್ಲಾಸಲ್ಲಿ ಭಿನ್ನರಾಶಿ ಯಾವಾಗ ಬರುತ್ತದೆ, ಹೇಗೆ ಮಾಡುತ್ತೀರಿ, ನನಗೆ ತೋರಿಸಿ ಅಕ್ಕ" ಎಂದು ಜೊತೆಗೆ ಕುಳಿತರು. ಆಗ ಗೊತ್ತಾದದ್ದು ಇಷ್ಟು: ನಮ್ಮ ವಾರ್ಷಿಕ ಯೋಜನೆಯಲ್ಲಿ ಭಿನ್ನರಾಶಿ ಪರೀಕ್ಷೆಗೆ ಸ್ವಲ್ಪವೇ ಮುಂಚೆ ಬರುತ್ತಿತ್ತು. ಕಾಗದ ಮಡಚಿ, ಕತ್ತರಿಸಿ ತೋರಿಸಲು ಸಮಯವೇ ಇರುತ್ತಿರಲಿಲ್ಲ. ನಿಯಮ ಬಾಯಿಪಾಠ ಮಾಡಿಸಿ ಮುಂದೆ ಸಾಗುತ್ತಿದ್ದರು. ಶಿಕ್ಷಕಿಯರ ತಪ್ಪೇನಿಲ್ಲ, ಅಲ್ವಾ? ಮುಂದಿನ ವರ್ಷ ಆ ಪಾಠವನ್ನು ದಸರಾ ರಜೆಗೆ ಮೊದಲೇ ತಂದು, ಅದಕ್ಕೆ ಹೆಚ್ಚು ಪೀರಿಯಡ್ಡು ಕೊಟ್ಟೆವು. ಯೋಜನೆ ಬರೆದವರು ಪ್ರಾಥಮಿಕ ಶಿಕ್ಷಕಿಯರೇ. ಹಾಗೆ ಆಗುವಂತೆ ನೋಡಿಕೊಂಡವರು ಸುಜಾತಾ ಮೇಡಂ.

ಹೈಸ್ಕೂಲಿನವರು ಪ್ರಾಥಮಿಕದವರ ಮೇಲೆ, ಪ್ರಾಥಮಿಕದವರು ಅಂಗನವಾಡಿಯ ಮೇಲೆ ತಪ್ಪು ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಆ ರೂಢಿ ಇರುವ ಕಡೆ ಸಮಿತಿ ಸಭೆ ಎಂದರೆ ಜಗಳ, ಇಲ್ಲವೇ ಮೌನ. ಇವರು ಕುಳಿತ ಸಭೆಗಳಲ್ಲಿ ಎಲ್ಲರಿಗಿಂತ ಕಿರಿಯ ಶಿಕ್ಷಕಿಯೂ ಬಾಯಿಬಿಟ್ಟು ಮಾತಾಡುತ್ತಿದ್ದಳು. ಈ ಹುದ್ದೆಗೆ ಇದಕ್ಕಿಂತ ದೊಡ್ಡ ಅರ್ಹತೆ ನನಗೆ ತೋಚುವುದಿಲ್ಲ.

ಬೇರೆ ವಿಷಯದವರ ಜೊತೆಗೂ ಅಷ್ಟೇ. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ 'ಚಲನೆ' ಪಾಠಕ್ಕೆ ದೂರ-ಕಾಲ ನಕ್ಷೆ ಬೇಕು. ಅಕ್ಷ, ಬಿಂದು, ಅಳತೆ ಇವೆಲ್ಲ ಗಣಿತದಲ್ಲಿ ಆಮೇಲೆ ಬರುತ್ತಿದ್ದವು. ವಿಜ್ಞಾನದ ಮೇಷ್ಟ್ರು ಪ್ರತಿ ವರ್ಷ ಅದನ್ನೂ ತಾವೇ ಹೇಳಿಕೊಡಬೇಕಾಗುತ್ತಿತ್ತು. ಸುಜಾತಾ ಮೇಡಂ ತಮ್ಮ ನಿರ್ದೇಶಾಂಕ ಪಾಠವನ್ನು ಅದಕ್ಕಿಂತ ಮೊದಲೇ ತಂದುಕೊಂಡರು. ಬಿಂದು ಗುರುತಿಸುವ ಅಭ್ಯಾಸಕ್ಕೆ ವಿಜ್ಞಾನದ ಲೆಕ್ಕಗಳನ್ನೇ ಬಳಸಿದರು. ಇಬ್ಬರ ಸಮಯವೂ ಉಳಿಯಿತು.

ನಮ್ಮ ಊರಿನ ಮಕ್ಕಳ ಬಗ್ಗೆ ಒಂದು ಮಾತು. ಬಹಳ ಮನೆಗಳಲ್ಲಿ ತೆಲುಗು, ಕೆಲವು ಮನೆಗಳಲ್ಲಿ ಉರ್ದು. ಶಾಲೆಯಲ್ಲಿ ಕನ್ನಡ, ಎಂಟಕ್ಕೆ ಬಂದರೆ ಕೆಲವರಿಗೆ ಇಂಗ್ಲಿಷ್ ಮಾಧ್ಯಮ. ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಅದಕ್ಕೆ ಅವರು ಮೊದಲು ಮಗುವಿಗೆ ತನ್ನ ಮನೆಮಾತಿನಲ್ಲೇ ಪ್ರಶ್ನೆಯನ್ನು ಹೇಳಲು ಬಿಡುತ್ತಿದ್ದರು, ಬರೆಯುವುದು ಆಮೇಲೆ.

ರೇಷ್ಮೆ ಗೂಡಿನ ಮಾರುಕಟ್ಟೆ ಇರುವ ಊರು ನಮ್ಮದು. ಏಳು ಕೆಜಿ ಗೂಡಿಗೆ ಒಂದು ಕೆಜಿ ನೂಲು ಬಂದರೆ 105 ಕೆಜಿಗೆ ಎಷ್ಟು ಎಂದರೆ ರೀಲರ್ ಮನೆಯ ಹುಡುಗ ಪೆನ್ನು ಹಿಡಿಯದೆ ಹದಿನೈದು ಅನ್ನುತ್ತಾನೆ. ಇಲ್ಲಿಯವರೆಗೆ ಯಾರು ಬೇಕಾದರೂ ಬರಬಹುದು. ಇವರು ಅಲ್ಲಿಂದ ಮುಂದೆ ಹೋಗಿ, ಅದೇ ಹುಡುಗನ ಕೈಲಿ ಅದನ್ನು x, y ಇಟ್ಟು ಸಮೀಕರಣವಾಗಿ ಬರೆಸಿ, ನಕ್ಷೆ ಎಳೆಸಿ, ಗೂಡಿನ ಗುಣಮಟ್ಟ ಬದಲಾದರೆ ಗೆರೆಯ ಇಳಿಜಾರು ಏನಾಗುತ್ತದೆ ಎಂದು ಕೇಳುತ್ತಿದ್ದರು. ಊರಿನ ಉದಾಹರಣೆ ಪುಸ್ತಕದ ಗಣಿತಕ್ಕೆ ಕರೆದುಕೊಂಡು ಹೋಗದಿದ್ದರೆ ಅದರಿಂದ ಉಪಯೋಗವಿಲ್ಲ ಎಂಬುದು ಅವರ ಅಭಿಪ್ರಾಯ. ನನ್ನದೂ ಅದೇ.

ಕೋವಿಡ್ ಮುಗಿದು ಶಾಲೆ ತೆರೆದಾಗ ಮಕ್ಕಳು ಎಷ್ಟು ಹಿಂದೆ ಬಿದ್ದಿದ್ದರು ಎಂಬುದು ನಿಮಗೂ ಗೊತ್ತು. 2022-23ರಲ್ಲಿ ಸರ್ಕಾರ ಕಲಿಕಾ ಚೇತರಿಕೆ ಕಾರ್ಯಕ್ರಮ ತಂದಿತು. ಅದರ ಹಾಳೆಗಳನ್ನು ತುಂಬಿಸಿ ಫೈಲಿಗೆ ಹಾಕುವುದು ಸುಲಭದ ದಾರಿ. ಇವರು ಒಂದೊಂದು ಮಗುವಿಗೂ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಮುಂದಿನ ತರಗತಿಯ ಶಿಕ್ಷಕರಿಗೆ ಅದನ್ನೇ ಕೊಟ್ಟರು. ನಾನು ನಿವೃತ್ತನಾಗುವಾಗ ಆ ಪದ್ಧತಿ ಬೇರೆ ವಿಷಯಗಳಿಗೂ ಹಬ್ಬಿತ್ತು.

ಒಂದು ಸಂಗತಿ ನಿಮಗೆ ಮೊದಲೇ ತಿಳಿದಿರಲಿ. ಅವರು ನಿರ್ಧಾರಕ್ಕೆ ಸಮಯ ತೆಗೆದುಕೊಳ್ಳುತ್ತಾರೆ. ಮಕ್ಕಳ ಪತ್ರಿಕೆ ನೋಡದೆ ಯಾವ ಬದಲಾವಣೆಗೂ ಒಪ್ಪುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಏರಲಿ ಎಂದು ಒಂಬತ್ತನೇ ತರಗತಿಯಲ್ಲೇ ಹತ್ತರ ಪಾಠ ಶುರು ಮಾಡೋಣ ಎಂಬ ಮಾತು ಬಂದಾಗ ಅವರು ನೇರವಾಗಿ ಬೇಡ ಎಂದರು, ಕಾರಣ ಕೊಟ್ಟರು, ಕೊನೆಯವರೆಗೂ ನಿಂತರು. ಮಂಡಳಿಯವರಿಗೆ ಕೆಲವೊಮ್ಮೆ ಇದು ಕಷ್ಟ ಅನ್ನಿಸಬಹುದು. ಆದರೂ ಮಕ್ಕಳ ಪರವಾಗಿ ಬೇಡ ಅನ್ನಬಲ್ಲವರೊಬ್ಬರು ಆ ಕುರ್ಚಿಯಲ್ಲಿ ಇರಲೇಬೇಕು ಎಂದು ನಾನು ನಂಬುತ್ತೇನೆ.

ಅವರಿಗೆ ಈ ಹುದ್ದೆ ಕೊಡಬೇಕೆಂದು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಒಂದು ಕೋರಿಕೆಯೂ ಇದೆ. ಮುಖ್ಯಸ್ಥರಾದ ಮೇಲೂ ಅವರಿಗೆ ಒಂದು ತರಗತಿಯ ಪಾಠ ಇರಲಿ. ಮಕ್ಕಳಿಂದ ದೂರವಾದರೆ ಅವರ ಕೆಲಸಕ್ಕೆ ಬೇಕಾದ ಮಾಹಿತಿಯೇ ನಿಂತುಹೋಗುತ್ತದೆ. ಹೆಚ್ಚಿನ ವಿವರ ಬೇಕಿದ್ದರೆ ನಾನು ಚಿಕ್ಕಬಳ್ಳಾಪುರಕ್ಕೇ ಬಂದು ಮಾತಾಡಲು ಸಿದ್ಧ. ಅವರು ನನಗೆ ಕೊಟ್ಟ ಐದನೇ ಮತ್ತು ಎಂಟನೇ ತರಗತಿಯ ವಾರ್ಷಿಕ ಯೋಜನೆಗಳ ಪ್ರತಿಯನ್ನು ಇದರ ಜೊತೆ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಆರ್. ನಾರಾಯಣಸ್ವಾಮಿ