ಲಾಭ, ಎರಡು, ಮೂರು

ದುಬೈನ ದೇರಾದಲ್ಲಿದ್ದ ಆ ಹಳೇ ಕಟ್ಟಡದ ಲಿಫ್ಟಿನಲ್ಲಿ ನಂಬರ್ ತೋರಿಸೋ ದೀಪ ಕೆಟ್ಟು ಯಾವ ಕಾಲವಾಗಿತ್ತೋ. ಹೋದ ವಾರ ಯಾರೋ ಒತ್ತಿದ್ದ ಹನ್ನೆರಡರಲ್ಲಿ ಬಾಗಿಲು ತೆರೆದಾಗ ನಾನೂ ಇಳಿದು, ಗೊತ್ತಿಲ್ಲದವರ ಮನೆ ಬೆಲ್ ಒತ್ತಿ ಬೈಸಿಕೊಂಡಿದ್ದೆ. ಅವತ್ತಿನಿಂದ ಎಣಿಸೋದು ರೂಢಿಯಾಯಿತು. ಒಂದೊಂದು ಮಹಡಿ ದಾಟುವಾಗಲೂ ಲಿಫ್ಟು ‘ಟಕ್’ ಅನ್ನುತ್ತೆ, ಅದೇ ಲೆಕ್ಕ.

ಹೆಗಲ ಮೇಲೆ ಟೂಲ್ ಬ್ಯಾಗು, ಕೈಯಲ್ಲಿ ಗ್ಯಾಸ್ ಸಿಲಿಂಡರು. ಜುಲೈ ತಿಂಗಳು, ಅಂಗಿ ಬೆನ್ನಿಗೆ ಅಂಟಿತ್ತು. ಮೂಲೆಯಲ್ಲಿ ಕಪ್ಪು ಬುರ್ಖಾದ ಒಬ್ಬ ವಯಸ್ಸಾದ ಹೆಂಗಸು, ಪಕ್ಕದಲ್ಲಿ ತರಕಾರಿ ಕೈಗಾಡಿ. ಅರಬಿಯೋ, ಪಾಕಿಸ್ತಾನದ ಕಡೆಯವರೋ ಇರಬೇಕು ಅಂದ್ಕೊಂಡು ಗೋಡೆ ಕಡೆ ಸರಿದು ನಿಂತೆ.

ಟಕ್. ಲಾಭ. ಟಕ್. ಎರಡು. ಟಕ್. ಮೂರು.

ಬಾಯಲ್ಲೇ ಗೊಣಗುತ್ತಿದ್ದೆ ಅಂತ ನನಗೆ ಅರಿವಿರಲಿಲ್ಲ.

“ಎಷ್ಟಾತು ತಮ್ಮಾ ಲೆಕ್ಕ?”

“ಜೀ ಮೇಡಂ, ಚೌದಾ” ಅಂದುಬಿಟ್ಟೆ.

ಇದನ್ನ ಹೇಳೋಕೆ ಈಗಲೂ ನಾಚಿಕೆ. ಕೇಳಿದ್ದು ಕನ್ನಡ, ಅರ್ಥವಾಗಿದ್ದೂ ಕನ್ನಡದಲ್ಲೇ, ಬಾಯಿಂದ ಬಿದ್ದದ್ದು ಮಾತ್ರ ನಾಲ್ಕು ತಿಂಗಳ ಹರಕು ಹಿಂದಿ. ರೂಮಿನಲ್ಲಿ ಆರು ಜನ, ಕನ್ನಡದವನು ನಾನೊಬ್ಬನೇ. ಭಾನುವಾರ ಅವ್ವ ಫೋನ್ ಮಾಡ್ತಾಳೆ, ನಿಜ. ಅದು ಫೋನಿನ ಕನ್ನಡ: ಉಂಡ್ಯಾ, ಉಂಡೆ. ಮಳೆ ಬಂತಾ, ಇಲ್ಲ. ಈರುಳ್ಳಿ ರೇಟು? ಕೇಳಬ್ಯಾಡ.

“ನಾನೇನು ಹಿಂದಿಯಾಗೆ ಕೇಳಿದ್ನಾ?” ಆಕೆ ಮುಖದ ಪರದೆ ಸರಿಸಿ ನಕ್ಕರು. ಎಲೆ ಅಡಿಕೆಯ ಹಲ್ಲು. “ಮೊದಲ್ನೇದಕ್ಕೆ ಲಾಭ ಅಂದ್ಯಲ್ಲ, ಆಗ್ಲೇ ಗೊತ್ತಾತು ನಮ್ಮ ಕಡೆ ಹುಡುಗ ಅಂತ. ಯಾವೂರು?”

“ಭರಮಸಾಗರ ರೀ ಅಮ್ಮಾ.” ಗಂಟಲು ಕಟ್ಟಿಕೊಂಡು ದನಿ ಕೀಚಲಾಗಿ ಬಂತು.

“ಹೈವೇ ಮ್ಯಾಲಿಂದು! ನಿಮ್ಮೂರ ರೈತ್ರು ಎಷ್ಟು ಮಂದಿ ಬರ್ತಿದ್ರು ನಮ್ಮ ಅಂಗ್ಡಿಗೆ. ದಾವಣಗೆರೆಯಾಗೆ ಮಂಡಕ್ಕಿ ಭಟ್ಟಿ ನಮ್ದು. ಮನೇಲಿ ಉರ್ದು ಮಾತಾಡ್ತೀವಿ, ಆದ್ರೆ ಮೂವತ್ತು ವರ್ಷ ಸೇರು ಹಿಡ್ದು ಅಳೆದೀನಿ. ಲಾಭ, ಎರಡು, ಮೂರು… ಒಂದು ಅಂತ ಶುರು ಮಾಡಿದ್ರೆ ನಮ್ಮತ್ತೆ ಕೈಮ್ಯಾಲೆ ಹೊಡಿಯೋಳು.”

ನಮ್ಮ ಅಪ್ಪನೂ ಹಾಗೇ. ಕಣದಲ್ಲಿ ಜೋಳ ಅಳೆಯುವಾಗ ಮೊದಲ ಅಳತೆಗೆ ‘ಲಾಭ’ ಅಂದು ಒಂದು ಗಳಿಗೆ ನಿಲ್ಲಿಸೋನು. ಆ ಲಾಭ ಮಾರ್ಕೆಟ್ಟಿನಲ್ಲಿ ಯಾವತ್ತೂ ಸಿಗಲಿಲ್ಲ, ಅದು ಬೇರೆ ಮಾತು. ಸಿಕ್ಕಿದ್ದರೆ ನಾನ್ಯಾಕೆ ಇಲ್ಲಿ ಎಸಿ ತೊಳೆಯುತ್ತಿದ್ದೆ.

ಒಂಬತ್ತರಲ್ಲಿ ಬಾಗಿಲು ತೆರೆಯಿತು. ಕೈಗಾಡಿಯ ಚಕ್ರ ಸಂದಿಯಲ್ಲಿ ಸಿಕ್ಕಿಕೊಂಡಿತು. ಎತ್ತಿಕೊಟ್ಟು ಬಾಗಿಲಿಗೆ ಕಾಲು ಅಡ್ಡ ಇಟ್ಟೆ. ಮಗಳ ಬಾಣಂತನಕ್ಕೆ ಬಂದಿದ್ದಾರಂತೆ. ಅಳಿಯ ಕೇರಳದವನು, ಮಗಳು ಡ್ಯೂಟಿ ಸೇರಿದ ಮೇಲೆ ಮಗುವನ್ನು ಬಿಟ್ಟರೆ ಮಾತಾಡೋಕೆ ಯಾರೂ ಇಲ್ಲ. “ಅದಕ್ಕೆ ಕನ್ನಡ ಕಲಿಸ್ತಾ ಇದೀನಿ. ಮೂರು ತಿಂಗಳ ಕೂಸು ಪಾಪ, ಎಲ್ಲಾದಕ್ಕೂ ಹೂಂ ಅಂತೈತಿ.”

ಬಾಗಿಲು ಕುಂಯ್‌ಗುಡತೊಡಗಿತು. ಮೇಲಿಂದ ಯಾರೋ ಕೂಗಿದರು. ಮನೆ ನಂಬರು ಕೇಳಬೇಕು ಅಂತ ಹೊಳೆಯೋದ್ರೊಳಗೆ ಕಾಲು ತೆಗೆದಿದ್ದೆ.

ಹದಿನಾಲ್ಕರ ಎಸಿಯಲ್ಲಿ ಫಿಲ್ಟರ್ ಕಾಣದಷ್ಟು ಧೂಳು. ತೊಳೆದೆ, ಪೈಪಿನ ಲೀಕು ಹುಡುಕಿ ಮುಚ್ಚಿ, ಗ್ಯಾಸ್ ತುಂಬಿಸಿದೆ. ನಡುವೆ ಸೂಪರ್‌ವೈಸರ್ ಎರಡು ಸಲ ಫೋನ್ ಮಾಡಿದ. ಎರಡನೇ ಸಲ “ಬಂದೆ, ಬಂದೆ” ಅಂದೆ. “ಕ್ಯಾ?” ಅಂದ. ಕಟ್ ಮಾಡಿದೆ.

ಇಳಿಯುವಾಗ ಟಕ್‌ಗಳನ್ನು ಹಿಂದಿನಿಂದ ಎಣಿಸಿದೆ. ಹದಿಮೂರು, ಹನ್ನೆರಡು, ಹನ್ನೊಂದು… ಒಂಬತ್ತನ್ನು ಒತ್ತಲೋ ಬೇಡವೋ ಅಂತ ಬೆರಳು ಗುಂಡಿಯ ಮೇಲೇ ಇತ್ತು. ಒತ್ತೋ ಮೊದಲೇ ಲಿಫ್ಟು ನಿಂತಿತು.

ಎದುರಿಗೆ ಅವರೇ. ಹೆಗಲಿಗೆ ಒರಗಿಸಿಕೊಂಡ ಕೂಸು, ಕೈಯಲ್ಲಿ ಗಂಟು ಹಾಕಿದ ದೊಡ್ಡ ಪ್ಲಾಸ್ಟಿಕ್ ಕವರು. ಒಳಗೆ ಹಗುರಾಗಿ ಉಬ್ಬಿದ ಬಿಳೀ ಮಂಡಕ್ಕಿ.

“ಎಷ್ಟೊತ್ತಲೇ ತಮ್ಮಾ! ಎರಡೂ ಲಿಫ್ಟು ನಿಂದ್ರಿಸಿ ನಿಂದ್ರಿಸಿ ನೋಡೀನಿ, ಆ ವಾಚ್‌ಮನ್ ನನ್ನ ಬೈದು ಹೋದ. ಎಸಿ ರಿಪೇರಿ ಮಾಡಿದ್ಯೋ, ಹೊಸಾದು ಮಾಡಿ ಕೂರ್ಸಿದ್ಯೋ?”